ಅಡತಿ ಕಾಕಾಗೆ ಫೋನ್ ಹೋಗಿದ್ದು ಹೇಗೆ?

ಹೋದ ತೊಗರಿ ಸುಗ್ಗಿಯಲ್ಲಿ ಸೇಡಂ ಕಡೆಯ ಒಬ್ಬ ಹುಡುಗ ಕಲಬುರಗಿಯ ನನ್ನ ಆಫೀಸಿಗೆ ಬಂದ. ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿದ. ಅದು ಗುಯ್ ಅನ್ನುತ್ತಲೇ ಇತ್ತು. "ನಮ್ಮ ಅಡತಿ ಕಾಕಾಗ ಸಾಲದ ಆ್ಯಪ್‌ನವರ ಫೋನ್ ಹೋಗ್ಯಾದ್ರಿ ವಕೀಲರ. ನಾ ಅವರ ನಂಬರ್ ಯಾರಿಗೂ ಕೊಟ್ಟಿಲ್ರಿ" ಅಂದ.

ಆ್ಯಪ್‌ನಲ್ಲಿ ಅವನು ತೆಗೆದ ಸಾಲ 5,000 ರೂಪಾಯಿ. ಖಾತೆಗೆ ಬಂದಿದ್ದು 3,100. ಉಳಿದದ್ದನ್ನು ಪ್ರೊಸೆಸಿಂಗ್ ಫೀ ಅಂತ ಮೊದಲೇ ಮುರಿದುಕೊಂಡಿದ್ದರು. ಏಳು ದಿನಕ್ಕೆ ಪೂರ್ತಿ 5,000 ಕಟ್ಟಬೇಕು. ಆರನೇ ದಿನಕ್ಕೇ ಬೈಗುಳ ಶುರುವಾಯಿತು.

ಕಾಕಾ ನಂಬರ್ ಕೊಟ್ಟಿದ್ದು ಅವನೇ, ಗೊತ್ತಿಲ್ಲದೆ. ಆ್ಯಪ್ ಹಾಕಿಕೊಂಡಾಗ ಕಾಂಟ್ಯಾಕ್ಟ್ಸ್ ನೋಡಬಹುದಾ ಅಂತ ಫೋನ್ ಕೇಳಿತ್ತು. ಸಾಲದ ಅವಸರದಲ್ಲಿ ಇವನು Allow ಒತ್ತಿದ್ದ. ಆ ಕ್ಷಣದಲ್ಲೇ ಇಡೀ ಪಟ್ಟಿಯ ನಕಲು ಅವರ ಸರ್ವರ್‌ಗೆ ಹೋಗಿರುತ್ತದೆ. ಅವನ ಫೋನಿನಲ್ಲಿದ್ದದ್ದು 412 ಹೆಸರು. ಬರೀ ಹೆಸರು, ನಂಬರ್ ಅಂದರೆ ವಾಟ್ಸಾಪ್‌ನ ಒಂದು ಫೋಟೋದಷ್ಟೂ ತೂಕ ಇರಲ್ಲ, ಸೆಕೆಂಡುಗಳಲ್ಲಿ ಮುಗಿಯುತ್ತದೆ. ಕಾಲ್ ಲಾಗ್‌ಗೂ ಒಪ್ಪಿಗೆ ಕೊಟ್ಟಿದ್ದರೆ ನೀವು ಯಾರಿಗೆ ಜಾಸ್ತಿ ಫೋನ್ ಮಾಡುತ್ತೀರಿ ಅನ್ನುವುದೂ ಗೊತ್ತಾಗುತ್ತದೆ. ಇವನು ಕೊಟ್ಟಿದ್ದ. ಸುಗ್ಗಿಯಲ್ಲಿ ದಿನಾ ಅಡತಿ ಅಂಗಡಿಗೆ ಫೋನ್ ಮಾಡುತ್ತಿದ್ದ. ಮೊದಲ ಕರೆ ಹೋಗಿದ್ದು ಅಲ್ಲಿಗೆ, ಎರಡನೆಯದು ಅವ್ವನಿಗೆ.

ಆದರೆ ಆ್ಯಪ್ ಹಾಕಿಕೊಂಡ ಮೇಲೆ ಅವನ ಹೆಂಡತಿ ಹೊಸ ಸಿಮ್ ತಗೊಂಡಿದ್ದಳು. ಆ ನಂಬರಿಗೆ ಒಂದೂ ಕರೆ ಬರಲಿಲ್ಲ. ಎಂದೋ ಡಿಲೀಟ್ ಮಾಡಿದ್ದ ಹಳೇ ಬಾಡಿಗೆ ಮನೆ ಮಾಲೀಕರಿಗೂ ಬರಲಿಲ್ಲ. ಅಂದರೆ ಅವರ ಹತ್ತಿರ ಇದ್ದದ್ದು ಒಂದೇ ದಿನದ ನಕಲು. ಅದಕ್ಕೇ ಆ್ಯಪ್ ತೆಗೆದು ಹಾಕಿದರೆ ಕಾಟ ನಿಲ್ಲುವುದಿಲ್ಲ. ನಕಲು ಅವರ ಹತ್ತಿರವೇ ಇರುತ್ತದೆ.

ರಿಸರ್ವ್ ಬ್ಯಾಂಕ್ 2022ರಲ್ಲೇ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಲಾಗ್, ಫೋಟೋ ಮುಟ್ಟಬಾರದು ಅಂದಿದೆ. 2023ರಿಂದ ಪ್ಲೇ ಸ್ಟೋರ್ ಕೂಡ ಅದನ್ನು ನಿಷೇಧಿಸಿದೆ. ಹಾಗಾಗಿ ಇಂಥವರು ಈಗ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ, ಪ್ಲೇ ಸ್ಟೋರ್ ಇಲ್ಲದೆ ನೇರ ಆ್ಯಪ್ ಕೂರಿಸುವ APK ಫೈಲ್ ಹಾಕಿಸುತ್ತಾರೆ. ಇವನಿಗೂ ಹಾಗೇ ಬಂದಿತ್ತು. ಸಾಲ ಕೊಡುವ ಆ್ಯಪ್ ಕಾಂಟ್ಯಾಕ್ಟ್ ಕೇಳಿತು ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಸಿಕ್ಕಿಹಾಕಿಕೊಂಡವರು ಮೊದಲು ಮಾಡಬೇಕಾದ್ದು ಮನಸ್ಸಿಗೆ ಬಲು ಕಷ್ಟದ ಕೆಲಸ. ನೀವೇ ಮೊದಲು ಹೇಳಿಬಿಡಬೇಕು. ಅವರ ಬಂಡವಾಳ ನಿಮ್ಮ ಮರ್ಯಾದೆಯ ಭಯ ಒಂದೇ. ಅವತ್ತು ನಾವು ಕೂತು ಈ ಮೆಸೇಜ್ ಬರೆದೆವು: "ನನ್ನ ಫೋನಿನ ನಂಬರುಗಳು ಒಂದು ಮೋಸದ ಸಾಲದ ಆ್ಯಪ್ ಕೈಗೆ ಸಿಕ್ಕಿವೆ. ನಿಮಗೆ ಕೆಟ್ಟ ಮೆಸೇಜ್, ಫೋಟೋ ಬರಬಹುದು. ದುಡ್ಡು ಕಳಿಸಬೇಡಿ, ಲಿಂಕ್ ಒತ್ತಬೇಡಿ. ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ, ಆಮೇಲೆ ಬ್ಲಾಕ್ ಮಾಡಿ." ಕಳಿಸುವಾಗ ಅವನ ಬೆರಳು ನಡುಗುತ್ತಿತ್ತು. ಹತ್ತು ನಿಮಿಷಕ್ಕೆ ಅಡತಿ ಕಾಕಾ ಉತ್ತರ ಬಂತು, ಜೊತೆಗೆ ನಾಲ್ಕು ಸ್ಕ್ರೀನ್‌ಶಾಟ್. ದೂರಿಗೆ ಅದೇ ಮೊದಲ ಸಾಕ್ಷಿ ಆಯಿತು.

ಕರೆ ಬಂದವರಿಗೂ ಒಂದು ಮಾತು. ಸಹಿ ಹಾಕಿ ಜಾಮೀನು ನಿಂತಿದ್ದರೆ ಮಾತ್ರ ನೀವು ಹೊಣೆ. ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಅನ್ನೋ ಕಾರಣಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ.

ಆ್ಯಪ್ ಅಳಿಸುವ ಮೊದಲು ಅದರ ಹೆಸರು, ಸಾಲದ ಲೆಕ್ಕದ ಪುಟ, ದುಡ್ಡು ಬಂದ ಖಾತೆ, ಯುಪಿಐ ವ್ಯವಹಾರದ ನಂಬರ್, ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಬಹಳ ಜನ ಹೆದರಿ ಮೊದಲು ಆ್ಯಪ್ ಅಳಿಸಿ, ಆಮೇಲೆ ನನ್ನ ಹತ್ತಿರ ಬರುತ್ತಾರೆ. ಆಗ ಅರ್ಧ ಸಾಕ್ಷಿ ಹೋಗಿರುತ್ತದೆ. ಇದಾದ ಮೇಲೆ ಫೋನಿನ Permission manager ಒಳಗೆ Contacts ತೆರೆದು ಆ ಆ್ಯಪ್‌ಗೆ Don't allow ಕೊಡಿ, ನಂತರ ಅಳಿಸಿ. ಯುಪಿಐನಲ್ಲಿ ಆಟೋಪೇ ಇದ್ದರೆ ರದ್ದು ಮಾಡಿ.

ದೂರಿಗೆ 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ಬರೆಯಿರಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋಗಿ. ಮುಖ ಅಂಟಿಸಿದ ಬೆತ್ತಲೆ ಫೋಟೋ ಬಂದಿದ್ದರೆ ನಾಚಿಕೆಯಿಂದ ಅದನ್ನು ಅಳಿಸಬೇಡಿ, ಅದೇ ದೊಡ್ಡ ಸಾಕ್ಷಿ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು ಇದೆ.

ಸಾಲ ಕಟ್ಟಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಸಾಲ ಕೊಟ್ಟವರು ನೋಂದಾಯಿತ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಆಗಿದ್ದರೆ ಕಟ್ಟಿ, ಆದರೆ ನೇರ ಆ ಸಂಸ್ಥೆಯ ಖಾತೆಗೇ ಕಟ್ಟಿ. ಬೈದವನು ಕಳಿಸಿದ ಯುಪಿಐಗೆ ಹಾಕಬೇಡಿ. ಹುಡುಗ ನನ್ನ ಹತ್ತಿರ ಬರುವ ಮೊದಲು ಹಾಗೆ 2,000 ಹಾಕಿದ್ದ. ಮರುದಿನ ಇನ್ನೊಂದು ನಂಬರಿನವನು ಬಾಕಿ 6,500 ಅಂದ. ಒಮ್ಮೆ ಕೊಟ್ಟರೆ, ಇವನ ಹತ್ತಿರ ಇನ್ನೂ ಸಿಗುತ್ತದೆ ಅಂತ ಅವರಿಗೆ ಗೊತ್ತಾಗುತ್ತದೆ.

ದೂರು ಕೊಟ್ಟ ಎರಡು ವಾರಕ್ಕೆ ಕರೆಗಳು ಕಡಿಮೆಯಾದವು. ಪೂರ್ತಿ ನಿಲ್ಲಲಿಲ್ಲ. ಮೂರು ತಿಂಗಳ ಮೇಲೆ ಬೇರೆ ಆ್ಯಪ್ ಹೆಸರಲ್ಲಿ ಅವನ ಅವ್ವನಿಗೆ ಮತ್ತೆ ಕರೆ ಬಂತು. "ನಿನ್ನ ನಂಬರ್ ಪೊಲೀಸರಿಗೆ ಕೊಡ್ತೀನಪ್ಪ" ಅಂದು ಆಕೆ ಫೋನ್ ಇಟ್ಟರಂತೆ.