ಅಕ್ಕಿಕಾಳು ಹಿಟ್ಟಾದ ಕಥೆ

‘ಅಕ್ಕಿಕಾಳು ಹಾಕೂ ಮುಂದ ಎಲ್ಲಾ ಹಿಟ್ಟ ಆಗ್ಯದಲ್ರಿ ಅಣ್ಣಾರ!’ ಕಲಬುರಗಿಯಲ್ಲಿ ಮದುವೆ ವಿಡಿಯೊ ಮಾಡುವ ನನ್ನ ಗೆಳೆಯನಿಗೆ ಕೆಲವು ವರ್ಷದ ಹಿಂದೆ ಬಂದ ದೂರು ಇದು. ಕ್ಯಾಮೆರಾ ಸರಿಯಿತ್ತು. ಎಡವಟ್ಟಾಗಿದ್ದು ಎಕ್ಸ್‌ಪೋರ್ಟ್‌ನಲ್ಲಿ, ಅಂದರೆ ವಿಡಿಯೊವನ್ನು ಕುಗ್ಗಿಸಿ ಕೊನೆಯ ಫೈಲ್ ಮಾಡುವಾಗ.

ಹಾಗೆ ಕುಗ್ಗಿಸುವ ಎನ್‌ಕೋಡರ್ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಈ ಚೌಕ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಎಂದು ಹುಡುಕುತ್ತದೆ. ಸಿಕ್ಕರೆ ‘ಅಲ್ಲಿಂದ ಇಲ್ಲಿಗೆ ಸರಿದಿದೆ’ ಎಂದಷ್ಟೇ ಬರೆದರೆ ಸಾಕು. ಆದರೆ ಅಕ್ಕಿಕಾಳು ಒಂದೊಂದೂ ಒಂದೊಂದು ದಿಕ್ಕಿಗೆ ಹಾರುತ್ತದೆ. ಹುಡುಕಾಟವೇ ಸೋಲುತ್ತದೆ, ಬಿಟ್ಸ್ ಜಾಸ್ತಿ ಬೇಕಾಗುತ್ತದೆ. ಅಷ್ಟು ಸಿಗದಿದ್ದರೆ ಚಿತ್ರ ಚೌಕಚೌಕವಾಗಿ ಕಲಸಿಹೋಗುತ್ತದೆ.

2008ರ ಸುಮಾರಿಗೆ ಈ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನ ನೂರಾರು ಕೋರ್‌ಗಳಿಗೆ ಹಂಚುವ ಸಾಫ್ಟ್‌ವೇರ್ ಬಂದವು. ವೇಗ ಸಿಕ್ಕಿತು, ಗುಣಮಟ್ಟ ಸಿಗಲಿಲ್ಲ. ಒಂದು ಚೌಕದ ಹುಡುಕಾಟಕ್ಕೆ ಪಕ್ಕದ ಚೌಕದ ಉತ್ತರ ಬೇಕು. ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರೆ ಪಕ್ಕದವನ ಉತ್ತರ ಎಲ್ಲಿಂದ ಬರಬೇಕು? ಹಾಗಾಗಿ ಚಿಪ್ಪಿನಲ್ಲೇ ಎನ್‌ಕೋಡಿಂಗ್‌ಗೆಂದು ಬೇರೆ ಸರ್ಕ್ಯೂಟ್ ಇಟ್ಟರು. 2011ರಲ್ಲಿ ಇಂಟೆಲ್, 2012ರಲ್ಲಿ ಎನ್‌ವಿಡಿಯಾ. ಸರ್ಕ್ಯೂಟ್‌ನಲ್ಲಿ ಒಂದು ತೊಡಕಿದೆ. ಅದನ್ನು ಹೇಗೆ ಅಚ್ಚು ಹಾಕಿದ್ದಾರೋ ಹಾಗೇ ಇರುತ್ತದೆ. ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಓಡುವ x264 ಥರದ ಎನ್‌ಕೋಡರ್ ಸಾಫ್ಟ್‌ವೇರ್ ಮಾತ್ರ ವರ್ಷವರ್ಷವೂ ಜಾಣನಾಗುತ್ತಾ ಹೋಯಿತು. ಮುಂದಿನ ಹತ್ತಾರು ಫ್ರೇಮ್ ನೋಡಿ, ಯಾವ ಚೌಕ ಮುಂದೆಯೂ ಬೇಕೋ ಅದಕ್ಕೆ ಬಿಟ್ಸ್ ಕೂಡಿಡುವುದನ್ನು ಕಲಿಯಿತು. ಎನ್‌ವಿಡಿಯಾ 2018ರ ಟ್ಯೂರಿಂಗ್ ಕಾರ್ಡುಗಳಲ್ಲಿ ಗುಣಮಟ್ಟದಲ್ಲಿ x264ನ ಮಧ್ಯಮ ಪ್ರಿಸೆಟ್‌ಗಳ, ಅಂದರೆ ತೀರಾ ವೇಗವೂ ತೀರಾ ನಿಧಾನವೂ ಅಲ್ಲದ ಸಿದ್ಧ ಸೆಟ್ಟಿಂಗ್‌ಗಳ, ಹತ್ತಿರ ಬಂತು.

ಗೆಳೆಯನದು ಅದಕ್ಕಿಂತ ಹಳೆಯ ಕಾರ್ಡು. ಮದುವೆ 3 ಗಂಟೆಯದು, ಸೆಕೆಂಡಿಗೆ 25 ಫ್ರೇಮ್‌ನಂತೆ 2,70,000 ಫ್ರೇಮ್. x264ನ ನಿಧಾನದ ಪ್ರಿಸೆಟ್‌ನಲ್ಲಿ ಅವನ ಮಷಿನ್ ಸೆಕೆಂಡಿಗೆ 30 ಫ್ರೇಮ್ ಮುಗಿಸುತ್ತಿತ್ತು, ಅಂದರೆ ಎರಡೂವರೆ ಗಂಟೆ. ಕಾರ್ಡಿಗೆ ಸುಮಾರು 20 ನಿಮಿಷ ಸಾಕು. ಲಗ್ನದ ಸೀಸನ್‌ನಲ್ಲಿ ಯಾರು ಕಾಯ್ತಾರೆ? ಕಾರ್ಡಿಗೇ ಕೊಟ್ಟ.

ನಾವು ಅಕ್ಕಿಕಾಳಿನ ಎರಡು ನಿಮಿಷ ಕತ್ತರಿಸಿ ಎರಡೂ ರೀತಿ ಮಾಡಿ ನೋಡಿದೆವು:

```
ffmpeg -ss 00:41:00 -t 120 -i maduve.mov -c:v h264_nvenc -b:v 3000k card.mp4
ffmpeg -ss 00:41:00 -t 120 -i maduve.mov -c:v libx264 -preset slow -b:v 3000k cpu.mp4
```

ಸುಮ್ನೆ ಓಡಿಸಿ ನೋಡಿದರೆ ಗೊತ್ತಾಗುವುದಿಲ್ಲ. ಒಂದೇ ಫ್ರೇಮಿನಲ್ಲಿ ಎರಡನ್ನೂ ನಿಲ್ಲಿಸಿ, ವಧುವಿನ ಸೀರೆಯ ಜರಿ ನೋಡಬೇಕು. ಕಾರ್ಡಿನದರಲ್ಲಿ ಜರಿಯೇ ಮಾಯ.

ಅಷ್ಟಕ್ಕೂ ಬಿಟ್‌ರೇಟ್ 3000k, ಅಂದರೆ ಸೆಕೆಂಡಿಗೆ 3000 ಕಿಲೋಬಿಟ್ ಮಾತ್ರ ಯಾಕೆ? ಗಿರಾಕಿಗಳ ಟಿವಿ ಓದುವ ಪೆನ್‌ಡ್ರೈವ್ FAT32 ಫಾರ್ಮ್ಯಾಟಿನದು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಮೂರು ಗಂಟೆಯನ್ನು ಒಂದೇ ಫೈಲಿಗೆ ತುರುಕಿದ್ದರಿಂದ ಬಿಟ್‌ರೇಟ್ ಇಳಿದಿತ್ತು. ಕಾರ್ಡ್ ಸೋಲುವುದು ಜಾಸ್ತಿ ಇಂಥ ಇಕ್ಕಟ್ಟಿನಲ್ಲೇ. ಮುಹೂರ್ತದ ಒಂದು ಗಂಟೆಯನ್ನು ಬೇರೆ ಫೈಲ್ ಮಾಡಿ 8000k ಕೊಟ್ಟಾಗ ಅದೇ ಹಳೆ ಕಾರ್ಡಿನ ಕೆಲಸಕ್ಕೂ x264ಗೂ ನಮ್ಮ ಕಣ್ಣಿಗೆ ಫರಕ್ ಕಾಣಲಿಲ್ಲ.

ಈಗ ಅವನು x264 ಹಚ್ಚುವುದು ಮೊಬೈಲಿಗೆ ಕಳಿಸುವ ಮೂರು ನಿಮಿಷದ ತುಣುಕಿಗೆ ಮಾತ್ರ. ಅಲ್ಲಿ ಫೈಲ್ ಸಣ್ಣದಿರಲೇಬೇಕು, ಕಾಯುವುದೂ ಎರಡೂವರೆ ನಿಮಿಷವಷ್ಟೇ.