ಒಳಹೊಕ್ಕ ಕ್ಷೇತ್ರ ದೊಡ್ಡದಾದರೆ ಶಕ್ತಿಯೂ ದೊಡ್ಡದೇ?

ಲ್ಯಾಬಿಗೆ ಬರುವ ಹೊಸಬರು ಎರಡು ಮಾಧ್ಯಮಗಳ ಗಡಿಯ ಮೇಲೆ ವಿದ್ಯುತ್ಕಾಂತೀಯ ಅಲೆ ಲಂಬವಾಗಿ ಬೀಳುವ ಲೆಕ್ಕ ಮಾಡುವಾಗ ಒಂದು ಕಡೆ ಖಂಡಿತ ತಬ್ಬಿಬ್ಬಾಗುತ್ತಾರೆ. ಒಳಹೊಕ್ಕ ಕ್ಷೇತ್ರ ಬಂದದ್ದರ ಎಷ್ಟು ಪಾಲು ಎಂದು ಹೇಳುವ ಟ್ರಾನ್ಸ್‌ಮಿಷನ್ ಗುಣಾಂಕ 1ಕ್ಕಿಂತ ಹೆಚ್ಚು ಬಂದುಬಿಡುತ್ತದೆ. ಲೆಕ್ಕ ತಪ್ಪಿತೆಂದು ಹಾಳೆ ಹರಿದು ಹಾಕುತ್ತಾರೆ. ಎಷ್ಟೋ ಸಲ ಆ ಲೆಕ್ಕ ಸರಿಯಾಗಿಯೇ ಇರುತ್ತದೆ.

ಗಾಳಿಯಿಂದ ಸಾಪೇಕ್ಷ ಪರ್ಮಿಟಿವಿಟಿ 4 ಇರುವ, ನಷ್ಟವಿಲ್ಲದ ಡೈಎಲೆಕ್ಟ್ರಿಕ್‌ನ ಮೇಲೆ 3 ಗಿಗಾಹರ್ಟ್ಸ್ ಅಲೆ ಲಂಬವಾಗಿ ಬೀಳುತ್ತಿದೆ ಎನ್ನೋಣ. ಅಲೆಯ ವಿದ್ಯುತ್ ಕ್ಷೇತ್ರ E ಮತ್ತು ಕಾಂತಕ್ಷೇತ್ರ H ಇವುಗಳ ಅನುಪಾತವೇ ಇಂಪೀಡೆನ್ಸ್. ಗಾಳಿಯಲ್ಲಿ ಅದು ಸುಮಾರು 377 ಓಮ್. ಡೈಎಲೆಕ್ಟ್ರಿಕ್‌ನಲ್ಲಿ ಅದು ಪರ್ಮಿಟಿವಿಟಿಯ ವರ್ಗಮೂಲದಷ್ಟು ಕಡಿಮೆ, ಅಂದರೆ ಅರ್ಧ, 188.5 ಓಮ್. ಬರುವ ಅಲೆಯ ವಿದ್ಯುತ್ ಕ್ಷೇತ್ರದ ಗರಿಷ್ಠ ಬೆಲೆ ಮೀಟರಿಗೆ 60 ವೋಲ್ಟ್ ಇರಲಿ.

ಗಡಿಯ ಎರಡೂ ಬದಿ E ಒಂದೇ ಇರಬೇಕು, H ಕೂಡ ಒಂದೇ ಇರಬೇಕು. ಹಿಂದಿರುಗುವ ಅಲೆಯ ದಿಕ್ಕು ತಿರುಗಿರುವುದರಿಂದ ಅದರ H ಮಾತ್ರ ಕಳೆಯುವ ಚಿಹ್ನೆಯಲ್ಲಿ ಬರುತ್ತದೆ. ಮರಳುವ ಅಲೆಯ E ಅನ್ನು Er, ಒಳಹೋಗುವ ಅಲೆಯದನ್ನು Et ಎನ್ನೋಣ. ಇಂಪೀಡೆನ್ಸ್ ಅರ್ಧವಾದ್ದರಿಂದ ಎರಡು ಸಮೀಕರಣಗಳು ಹೀಗಾಗುತ್ತವೆ:

60 + Er = Et
60 − Er = 2Et

ಕೂಡಿಸಿದರೆ Et = 40, Er = −20. ಪ್ರತಿಫಲನ ಗುಣಾಂಕ −1/3, ಟ್ರಾನ್ಸ್‌ಮಿಷನ್ ಗುಣಾಂಕ 2/3. ಈಗ ಶಕ್ತಿ ನೋಡಿ. E² ಅನ್ನು ಇಂಪೀಡೆನ್ಸ್‌ನ ಎರಡರಷ್ಟರಿಂದ ಭಾಗಿಸಿದರೆ ಬಂದದ್ದು ಚದರ ಮೀಟರಿಗೆ 4.77 ವ್ಯಾಟ್, ಮರಳಿದ್ದು 0.53, ಒಳಹೋದದ್ದು 4.24. ಲೆಕ್ಕ ಚುಕ್ತಾ. 2/3ರ ವರ್ಗವನ್ನೇ ಶಕ್ತಿಯೆಂದು ಬರೆದರೆ ಒಳಹೋದ ಶಕ್ತಿಯಲ್ಲಿ ಅರ್ಧ ಎಲ್ಲೋ ಮಾಯವಾದಂತೆ ಕಾಣುತ್ತದೆ. ಹೊಸ ಮಾಧ್ಯಮದ ಇಂಪೀಡೆನ್ಸ್‌ನಿಂದಲೇ ಭಾಗಿಸಬೇಕಿತ್ತು.

ಅದೇ ಅಲೆ ಡೈಎಲೆಕ್ಟ್ರಿಕ್‌ನಿಂದ ಗಾಳಿಗೆ ಹೊರಟರೆ Er = +20, Et = 80. ಗುಣಾಂಕ 4/3. ಇಲ್ಲೇ ಹೊಸಬರು ಬೆಚ್ಚುವುದು. ಆದರೆ ಗಾಳಿಯಲ್ಲಿ ಇಂಪೀಡೆನ್ಸ್ ಇಮ್ಮಡಿ, ಅಷ್ಟೇ E ಇದ್ದರೂ ಅಲ್ಲಿ ಶಕ್ತಿ ಅರ್ಧವೇ. ಹಾಗಾಗಿ ಹೊರಬಿದ್ದದ್ದು ಈಗಲೂ ಬಂದದ್ದರ 8/9 ಭಾಗ ಮಾತ್ರ. ಯಾವ ಕಡೆಯಿಂದ ಹೊರಟರೂ ಈ ಪಾಲು ಬದಲಾಗದು.

ಚಿಹ್ನೆ ಸರಿಯಿದೆಯೇ ಎಂದು ಪ್ರೋಬ್ ಹಿಡಿದೇ ನೋಡಬಹುದು. ಮೊದಲ ಪ್ರಸಂಗದಲ್ಲಿ ಗಾಳಿಯಲ್ಲಿ ಅಲೆಯುದ್ದ 10 ಸೆಂ.ಮೀ. ಗಡಿಯಲ್ಲೇ ಕ್ಷೇತ್ರ ಕನಿಷ್ಠ, 40, ಅಲ್ಲಿಂದ 2.5 ಸೆಂ.ಮೀ. ಹಿಂದೆ ಸರಿದರೆ ಗರಿಷ್ಠ, 80. ಗಡಿಗೆ ತಾಗಿಯೇ ಗರಿಷ್ಠ ಸಿಕ್ಕಿತೆಂದರೆ ನಿಮ್ಮ ಎರಡನೇ ಮಾಧ್ಯಮದ ಇಂಪೀಡೆನ್ಸ್ ಹೆಚ್ಚಿನದು, ಅಥವಾ ಪ್ರೋಬ್‌ನ ಸ್ಥಾನ ಅಳೆದದ್ದೇ ತಪ್ಪು.

ಇದೆಲ್ಲ ಎರಡನೇ ಮಾಧ್ಯಮ ಕೊನೆಯಿಲ್ಲದೆ ಹಬ್ಬಿದೆ ಎಂಬ ಊಹೆಯ ಮೇಲೆ. ನಿಜವಾದ ಹಲಗೆಗೆ ಹಿಂಬದಿಯೂ ಇದೆ, ಅಲ್ಲಿಂದಲೂ ಅಲೆ ಮರಳುತ್ತದೆ. ಅದೇ ವಸ್ತುವಿನ 2.5 ಸೆಂ.ಮೀ. ದಪ್ಪದ ಹಲಗೆ ಗಾಳಿಯಲ್ಲಿದ್ದರೆ, ಅದು ಒಳಗಿನ ಅಲೆಯುದ್ದದ ಸರಿಯಾಗಿ ಅರ್ಧ. ಆಗ ಮುಂಬದಿಯಿಂದ ಮರಳಿದ್ದನ್ನು ಹಿಂಬದಿಯಿಂದ ಮರಳಿದ್ದು ಪೂರ್ತಿ ಅಳಿಸಿಹಾಕುತ್ತದೆ. 3 ಗಿಗಾಹರ್ಟ್ಸ್‌ನಲ್ಲಿ ಪ್ರತಿಫಲನ ಸೊನ್ನೆ.