ಫೋಟೊ ಯಾವ ಊರಿನದು? ಮೊದಲು ವಾಹನಗಳ ಬದಿ ನೋಡಿ

ಮಳೆ ನೀರಲ್ಲಿ ಮುಳುಗಿದ ರಸ್ತೆ, ಸಾಲುಗಟ್ಟಿ ನಿಂತ ವಾಹನಗಳು, ಕೆಳಗೆ ‘ಇದು ನಮ್ಮ ಬೆಂಗಳೂರು’ ಎಂಬ ಸಾಲು. ಇಂಥ ಫೋಟೊ ವಾಟ್ಸಾಪಿಗೆ ಬಂದರೆ ಜನ ಮೊದಲು ಅಂಗಡಿಯ ಬೋರ್ಡು ಹುಡುಕುತ್ತಾರೆ. ಬೋರ್ಡು ಮಸುಕಾಗಿದ್ದರೆ ಅಲ್ಲಿಗೇ ಬಿಟ್ಟು ಇನ್ನೊಬ್ಬರಿಗೆ ಕಳಿಸುತ್ತಾರೆ. ಬೋರ್ಡಿಗಿಂತ ಮುಂಚೆ ನೋಡಬೇಕಾದ್ದು ವಾಹನಗಳು ರಸ್ತೆಯ ಯಾವ ಬದಿಯಲ್ಲಿ ಹೋಗುತ್ತಿವೆ ಎನ್ನುವುದನ್ನು. ಅಕ್ಷರ ಕಾಣದಷ್ಟು ಮಸುಕಾದ ಫೋಟೊದಲ್ಲೂ ಅದು ಕಾಣುತ್ತದೆ.

ನೋಡುವ ಕ್ರಮ ಸುಲಭ. ರಸ್ತೆಯ ಉದ್ದಕ್ಕೆ ತೆಗೆದ ಫೋಟೊ ಆದರೆ, ಎಡ ಅರ್ಧದ ವಾಹನಗಳು ನಮಗೆ ಬೆನ್ನು ತೋರಿಸುತ್ತಿವೆಯೋ ಮುಖ ತೋರಿಸುತ್ತಿವೆಯೋ ನೋಡಿ. ಬೆನ್ನು ಕಂಡರೆ, ಅಂದರೆ ಹಿಂದಿನ ಕೆಂಪು ದೀಪ ಕಂಡರೆ, ಅದು ನಮ್ಮಂತೆ ಎಡಬದಿಯಲ್ಲಿ ಓಡಿಸುವ ದೇಶ. ಎಡಗಡೆ ಮುಖ ಕಂಡರೆ ಬಲಬದಿಯ ದೇಶ. ಫುಟ್‌ಪಾತಿನಲ್ಲಿ ನಿಂತು ರಸ್ತೆಗೆ ಅಡ್ಡಲಾಗಿ ತೆಗೆದ ಫೋಟೊದಲ್ಲಿ ನಮಗೆ ಹತ್ತಿರದ ಸಾಲನ್ನು ನೋಡಬೇಕು. ನಮ್ಮಲ್ಲಿ ಆ ಸಾಲಿನ ವಾಹನಗಳು ಬಲದಿಂದ ಬಂದು ಎಡಕ್ಕೆ ಹೋಗುತ್ತವೆ. ರಸ್ತೆ ದಾಟುವಾಗ ಮೊದಲು ಬಲಗಡೆ ನೋಡು ಎಂದು ಮಕ್ಕಳಿಗೆ ಹೇಳುವುದು ಇದಕ್ಕೇ. ಸರ್ಕಲ್ ಇದ್ದರೆ ಇನ್ನೂ ಸಲೀಸು. ಮೈಸೂರಿನ ಕೆ.ಆರ್. ಸರ್ಕಲ್‌ನಲ್ಲಿ ವಾಹನಗಳು ಒಡೆಯರ ಪ್ರತಿಮೆಗೆ ಪ್ರದಕ್ಷಿಣೆ ಹಾಕುತ್ತವೆ. ಪ್ಯಾರಿಸ್‌ನಲ್ಲಿ ಅಪ್ರದಕ್ಷಿಣೆ.

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. ಫೋಟೊ ತೆಗೆದವರು ರಸ್ತೆಯ ಈ ತುದಿಯಲ್ಲಿ ನಿಂತಿರಲಿ, ಆ ತುದಿಯಲ್ಲಿ ನಿಂತಿರಲಿ, ಮೇಲ್ಸೇತುವೆ ಹತ್ತಿರಲಿ, ಉತ್ತರ ಒಂದೇ. ಎಡಗಾಲಿನ ಚಪ್ಪಲಿಯನ್ನು ಯಾವ ಕಡೆಗೆ ತಿರುಗಿಸಿ ಇಟ್ಟರೂ ಅದು ಎಡಗಾಲಿನದೇ ಅಲ್ವಾ? ರಸ್ತೆಗೂ ಹಾಗೆಯೇ ಒಂದು ಎಡ–ಬಲದ ಗುಣ ಇದೆ. ತಿರುಗಿಸಿದರೆ ಅದು ಬದಲಾಗುವುದಿಲ್ಲ. ಬದಲಿಸಲು ಇರುವುದು ಒಂದೇ ದಾರಿ, ಕನ್ನಡಿ. ಫೋಟೊವನ್ನು ಎಡಬಲ ಮಗುಚಿದರೆ ಮಾತ್ರ ಭಾರತದ ರಸ್ತೆ ಅಮೆರಿಕದ ರಸ್ತೆಯಂತೆ ಕಾಣುತ್ತದೆ. ಈ ಕನ್ನಡಿಯ ವಿಷಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಎರಡು ಕಡೆ ಎಡವುವುದು ಜಾಸ್ತಿ. ಒಂದು, ಒಂದೇ ವಾಹನ ನೋಡಿ ತೀರ್ಮಾನಕ್ಕೆ ಬರುವುದು. ರಾಂಗ್ ಸೈಡಿನಲ್ಲಿ ಬರುವ ಬೈಕು ನಮ್ಮಲ್ಲಿ ಯಾವ ರಸ್ತೆಯಲ್ಲಿಲ್ಲ? ಹತ್ತು ವಾಹನ ಎಣಿಸಿ, ಹೆಚ್ಚಿನವು ಎಲ್ಲಿವೆ ನೋಡಿ. ಇನ್ನೊಂದು, ನಡುವೆ ಡಿವೈಡರ್ ಇರುವ ಅಗಲದ ರಸ್ತೆ. ಫೋಟೊದಲ್ಲಿ ಅದರ ಅರ್ಧ ಭಾಗವಷ್ಟೇ ಬಂದಿದ್ದರೆ ಎಡ ಅರ್ಧದಲ್ಲೂ ಬೆನ್ನು, ಬಲ ಅರ್ಧದಲ್ಲೂ ಬೆನ್ನು. ಆಗ ಡಿವೈಡರ್ ಹುಡುಕಬೇಕು. ಮುಂದೆ ಸಾಗುತ್ತಿರುವ ವಾಹನಗಳ ಬಲಕ್ಕೆ ಡಿವೈಡರ್ ಇದ್ದರೆ ಎಡಬದಿಯ ದೇಶ. ಡಿವೈಡರ್ ಕಾಣದಿದ್ದರೆ ಬಸ್ಸಿನ ಬಾಗಿಲು ನೋಡಿ. ಅದು ಸಾಮಾನ್ಯವಾಗಿ ಫುಟ್‌ಪಾತಿನ ಕಡೆಗೇ ಇರುತ್ತದೆ.

‘ಸಾಮಾನ್ಯವಾಗಿ’ ಎಂದೆ. ಎಲ್ಲ ಕಡೆ ಹಾಗಿಲ್ಲ. ಏಕೆಂದರೆ ರಸ್ತೆಗೆ ಇರುವಂತೆ ವಾಹನಕ್ಕೂ ತನ್ನದೇ ಎಡ–ಬಲ ಇದೆ. ನಮ್ಮಲ್ಲಿ ಓಡಾಟ ಎಡಬದಿಯಲ್ಲಿ, ಸ್ಟೀರಿಂಗ್ ಬಲಗಡೆ. ಅಮೆರಿಕದಲ್ಲಿ ಎರಡೂ ಉಲ್ಟಾ. ಎರಡೂ ಕಡೆ ಚಾಲಕ ಕೂರುವುದು ರಸ್ತೆಯ ನಡುಗೆರೆಯ ಕಡೆಗೆ. ಮುಂದಿನ ಲಾರಿಯನ್ನು ಹಿಂದೆ ಹಾಕುವಾಗ ಎದುರಿನಿಂದ ಏನು ಬರುತ್ತಿದೆ ಎಂದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಆದರೆ ರಸ್ತೆಯ ನಿಯಮ ಮಾಡುವುದು ಸರ್ಕಾರ, ವಾಹನ ಬರುವುದು ಮಾರುಕಟ್ಟೆಯಿಂದ. ಇವೆರಡೂ ಹೊಂದದ ಊರುಗಳೂ ಇವೆ. ಫೋಟೊ ಹುಡುಕುವವರಿಗೆ ಅಂಥ ಊರು ಸಿಕ್ಕರೆ ಹಬ್ಬ.

ಅಂಥ ಒಂದು ಊರು ಮ್ಯಾನ್ಮಾರ್‌ನ ಯಾಂಗಾನ್, ಹಳೆಯ ರಂಗೂನ್. ಬ್ರಿಟಿಷರ ಕೈಯಲ್ಲಿದ್ದ ಬರ್ಮಾದಲ್ಲಿ ನಮ್ಮಂತೆಯೇ ಎಡಬದಿಯ ಓಡಾಟ ಇತ್ತು. 1970ರ ಡಿಸೆಂಬರ್ 6ರಂದು ಜನರಲ್ ನೆ ವಿನ್ ಸರ್ಕಾರ ಅದನ್ನು ಬಲಬದಿಗೆ ಬದಲಿಸಿತು. ಜ್ಯೋತಿಷಿಯ ಮಾತು ಕೇಳಿ ಹೀಗೆ ಮಾಡಿದರು ಎಂಬ ಕಥೆ ಇಂದಿಗೂ ಓಡಾಡುತ್ತದೆ. ಕನಸು ಬಿದ್ದಿತ್ತು ಎನ್ನುವವರೂ ಇದ್ದಾರೆ. ಒಂದೇ ಘಟನೆಗೆ ಇಷ್ಟು ಬಗೆಯ ಕಥೆ ಇದ್ದರೆ ಯಾವುದನ್ನೂ ಸುಮ್ನೆ ನಂಬಬಾರದು. ಆದರೆ ಜನ ಯಾಕೆ ನಂಬಿದರು ಎನ್ನುವುದು ಅರ್ಥವಾಗುತ್ತದೆ. ಇದೇ ನೆ ವಿನ್ ಕಾಲದಲ್ಲಿ, 1987ರಲ್ಲಿ, 45 ಮತ್ತು 90 ಚಾಟ್‌ನ ನೋಟುಗಳು ಬಂದವು. ಎರಡೂ ಅವರ ಅದೃಷ್ಟ ಸಂಖ್ಯೆ ಎನ್ನಲಾದ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳು. ಹಳೆಯ ನೋಟುಗಳನ್ನು ರಾತ್ರೋರಾತ್ರಿ ರದ್ದು ಮಾಡಿದಾಗ ಎಷ್ಟೋ ಮನೆಗಳ ಉಳಿತಾಯ ಮಣ್ಣುಪಾಲಾಯಿತು. ಆಳುವವರ ಮೂಢನಂಬಿಕೆಯ ಬೆಲೆಯನ್ನು ಸಾಮಾನ್ಯ ಜನ ಕಟ್ಟಬೇಕಾಗುತ್ತದೆ ಎಂಬ ಸಿಟ್ಟು ಆ ಜ್ಯೋತಿಷಿಯ ಕಥೆಯ ಒಳಗಿದೆ.

ರಸ್ತೆಯ ಬದಿ ಒಂದೇ ದಿನದಲ್ಲಿ ಬದಲಾಯಿತು. ವಾಹನಗಳು ಬದಲಾಗಲಿಲ್ಲ. ಬಲಗಡೆ ಸ್ಟೀರಿಂಗ್ ಇದ್ದ ಹಳೆಯ ಕಾರುಗಳು ಹಾಗೇ ಉಳಿದವು. ಆಮೇಲೆ ಬಂದದ್ದರಲ್ಲೂ ಜಪಾನಿನ ಸೆಕೆಂಡ್ ಹ್ಯಾಂಡ್ ವಾಹನಗಳೇ ಜಾಸ್ತಿ. ಜಪಾನಿನಲ್ಲಿ ಎಡಬದಿಯ ಓಡಾಟ, ಆದ್ದರಿಂದ ಅವುಗಳ ಸ್ಟೀರಿಂಗ್ ಕೂಡ ಬಲಗಡೆ. ಹೀಗೆ ಯಾಂಗಾನ್‌ನಲ್ಲಿ ಚಾಲಕ ಫುಟ್‌ಪಾತಿನ ಪಕ್ಕ ಕೂತ. ಮುಂದಿನ ಬಸ್ಸನ್ನು ಹಿಂದೆ ಹಾಕಬೇಕಾದರೆ ಇಡೀ ಕಾರಿನ ಮೂತಿ ಹೊರಗೆ ಬರುವ ತನಕ ಅವನಿಗೆ ಎದುರಿನ ರಸ್ತೆ ಕಾಣುವುದಿಲ್ಲ. ಹಳೆಯ ಜಪಾನಿ ಬಸ್ಸುಗಳ ಬಾಗಿಲು ಎಡಗಡೆ, ಅಂದರೆ ನಡುರಸ್ತೆಯ ಕಡೆ. ಕೆಲವು ಬಸ್ಸುಗಳಲ್ಲಿ ಬಲಗಡೆ ಹೊಸ ಬಾಗಿಲು ಕತ್ತರಿಸಿದರು. ಉಳಿದವುಗಳಲ್ಲಿ ಜನ ಓಡುವ ವಾಹನಗಳ ನಡುವೆಯೇ ಇಳಿಯುತ್ತಿದ್ದರು.

ರಾತ್ರಿ ಇನ್ನೊಂದು ತೊಂದರೆ. ಕಾರಿನ ಡಿಮ್ ಲೈಟ್ ಎರಡೂ ಕಡೆ ಸಮನಾಗಿ ಬೀಳುವುದಿಲ್ಲ. ಎಡಬದಿಯ ಓಡಾಟಕ್ಕೆ ಮಾಡಿದ ಕಾರನ್ನು ಗೋಡೆಯ ಎದುರು ನಿಲ್ಲಿಸಿ ನೋಡಿ. ಬೆಳಕಿನ ಮೇಲಂಚು ಬಲಗಡೆ ತಗ್ಗಾಗಿ, ಮಟ್ಟಸವಾಗಿ ಇರುತ್ತದೆ, ಎದುರಿನವರ ಕಣ್ಣಿಗೆ ಹೊಡೆಯಬಾರದು ಎಂದು. ಎಡಗಡೆ ಅಂಚು ಮೇಲಕ್ಕೆ ಏರುತ್ತದೆ, ರಸ್ತೆ ಪಕ್ಕ ನಡೆಯುವವರು ಕಾಣಲಿ ಎಂದು. ಅದೇ ಕಾರು ಬಲಬದಿಯಲ್ಲಿ ಓಡಿದರೆ ಆ ಏರು ಬೆಳಕು ನೇರ ಎದುರಿನವರ ಕಣ್ಣಿಗೆ, ತಗ್ಗು ಬೆಳಕು ಪಾದಚಾರಿಗಳ ಕಡೆಗೆ.

ಈಗ ಒಂದು ಫೋಟೊ ಬಿಡಿಸೋಣ. ಎರಡು ಬದಿಯಲ್ಲೂ ಹಳೆಯ ಕಟ್ಟಡ, ಮಳೆಗಾಲದ ಮೋಡ. ಅಂಗಡಿ ಬೋರ್ಡುಗಳ ಮೇಲೆ ದುಂಡು ದುಂಡು ಅಕ್ಷರ. ಮಸುಕಿನಲ್ಲಿ ಕನ್ನಡವೋ ತೆಲುಗೋ ಎಂದು ಭ್ರಮೆ ಹುಟ್ಟಿಸುತ್ತವೆ. ಬರ್ಮಾ ಲಿಪಿಯ ಮೂಲವೂ ದಕ್ಷಿಣ ಭಾರತದ ಹಳೆಯ ಲಿಪಿಗಳಲ್ಲೇ ಇದೆ, ಆದ್ದರಿಂದ ಈ ಹೋಲಿಕೆ ಅಚ್ಚರಿಯಲ್ಲ. ಎದುರಿಗಿರುವ ವ್ಯಾನಿನ ಮೇಲೆ ಮಾತ್ರ ಜಪಾನಿ ಅಕ್ಷರ. ಬೋರ್ಡು ನೋಡುವವರು ಬೆಂಗಳೂರು ಎಂದಾರು, ವ್ಯಾನು ನೋಡುವವರು ಟೋಕಿಯೊ ಎಂದಾರು. ವಾಹನಗಳನ್ನು ನೋಡಿ: ಎಡ ಅರ್ಧದವು ಮುಖ ತೋರಿಸುತ್ತಿವೆ. ಬಲಬದಿಯ ಓಡಾಟ. ಭಾರತವೂ ಹೋಯಿತು, ಜಪಾನೂ ಹೋಯಿತು. ಎದುರು ಬರುವ ಟೊಯೊಟಾ ಪ್ರೊಬಾಕ್ಸ್ ಟ್ಯಾಕ್ಸಿಯ ಗಾಜಿನೊಳಗೆ ಚಾಲಕ ಫುಟ್‌ಪಾತಿನ ಕಡೆ ಕೂತಿದ್ದಾನೆ. ಅದರ ಹಿಂದಿನ ಕಾರಿನಲ್ಲೂ ಹಾಗೆಯೇ. ಈಗ ಪಟ್ಟಿ ತೀರಾ ಚಿಕ್ಕದಾಯಿತು: ಮ್ಯಾನ್ಮಾರ್, ಮಂಗೋಲಿಯದ ಉಲಾನ್‌ಬಾತರ್, ರಷ್ಯಾದ ಪೂರ್ವ ತುದಿಯ ವ್ಲಾದಿವೊಸ್ಟೊಕ್, ಮತ್ತೆ ಇಂಥವೇ ಕೆಲವು. ಗಂಡಸರು ಲುಂಗಿಯಂಥ ಲೊಂಜಿ ಉಟ್ಟಿದ್ದಾರೆ. ಅಲ್ಲಿಗೆ ಮ್ಯಾನ್ಮಾರ್ ಎಂದಾಯಿತು. ಇಡೀ ರಸ್ತೆಯಲ್ಲಿ ಒಂದೂ ಬೈಕು ಇಲ್ಲ. ಮಂಡಾಲೆ ತುಂಬ ಬೈಕುಗಳಿವೆ, ಯಾಂಗಾನ್ ನಗರದೊಳಗೆ ಅವಕ್ಕೆ ನಿಷೇಧ. ಊರು ಸಿಕ್ಕಿತು.

ಕಾಲದ ಅಂದಾಜೂ ಸಿಗುತ್ತದೆ. 2011ರ ನಂತರ ಕಾರು ಆಮದಿನ ನಿಯಮ ಸಡಿಲಾಗಿ ಇಂಥ ಜಪಾನಿ ಕಾರುಗಳು ರಾಶಿಯಾಗಿ ಬಂದವು. 2017ರ ಜನವರಿಯಲ್ಲಿ ಯಾಂಗಾನ್‌ನ ಬಸ್ಸು ವ್ಯವಸ್ಥೆ ಹೊಸದಾಯಿತು, ಬಲಗಡೆ ಬಾಗಿಲಿನ ಹೊಸ ಬಸ್ಸುಗಳು ಬರತೊಡಗಿದವು. ಫೋಟೊದ ತುಂಬ ಪ್ರೊಬಾಕ್ಸ್‌ಗಳಿದ್ದು, ಬಸ್ಸುಗಳೆಲ್ಲ ಹಳೆಯವೇ ಆಗಿದ್ದರೆ, ಅದು ಈ ಎರಡರ ನಡುವಿನ ವರ್ಷಗಳದ್ದಾಗಿರುವ ಸಾಧ್ಯತೆ ಹೆಚ್ಚು. ಬದಿ ಬದಲಿಸಿದ ಬೇರೆ ಕಡೆಯ ಹಳೆಯ ಫೋಟೊಗಳಿಗೂ ಇದೇ ಲೆಕ್ಕ. ಸ್ಟಾಕ್‌ಹೋಮ್ ಬೀದಿಯಲ್ಲಿ ವಾಹನಗಳು ಎಡಬದಿಯಲ್ಲಿದ್ದರೆ ಅದು 1967ರ ಸೆಪ್ಟೆಂಬರ್ 3ಕ್ಕಿಂತ ಹಿಂದಿನದು. ಜಪಾನಿನ ಒಕಿನಾವಾ ದ್ವೀಪದಲ್ಲಿ ಬಲಬದಿಯಲ್ಲಿದ್ದರೆ 1978ರ ಜುಲೈ 30ಕ್ಕಿಂತ ಹಿಂದಿನದು, ಆದರೆ ಎರಡನೇ ಮಹಾಯುದ್ಧದ ನಂತರದ್ದು.

ಇನ್ನು ಕನ್ನಡಿ. ಬೇಕೆಂದೇ ಮಗುಚಿದ ಫೋಟೊಗಳಿವೆ. ಮುಂದಿನ ಕ್ಯಾಮೆರಾದ ಸೆಲ್ಫಿಯನ್ನು ಕೆಲವು ಫೋನುಗಳು ತಾವಾಗಿಯೇ ಮಗುಚಿ ಉಳಿಸುತ್ತವೆ. ಬೆಂಗಳೂರಿನ ಫೋಟೊ ಮಗುಚಿದರೆ ಓಡಾಟವೂ ಬದಲು, ಸ್ಟೀರಿಂಗೂ ಬದಲು. ಎರಡೂ ಒಟ್ಟಿಗೆ ಬದಲಾಗುವುದರಿಂದ ಅದು ಅಪ್ಪಟ ಬಲಬದಿಯ ದೇಶದಂತೆ ಕಾಣುತ್ತದೆ. ಮೋಸ ಗೊತ್ತಾಗುವುದು ಬೋರ್ಡಿನ ಅಕ್ಷರ, ನಂಬರ್ ಪ್ಲೇಟಿನ ಅಂಕಿ ಇಂಥವುಗಳಿಂದ. ಆದರೆ ಒಂದು ಸಂಗತಿಯನ್ನು ಕನ್ನಡಿಗೂ ಬದಲಿಸಲು ಆಗುವುದಿಲ್ಲ. ಚಾಲಕ ನಡುಗೆರೆಯ ಕಡೆ ಇದ್ದಾನೋ ಫುಟ್‌ಪಾತಿನ ಕಡೆ ಇದ್ದಾನೋ ಎನ್ನುವುದು ಮಗುಚಿದರೂ ಹಾಗೇ ಉಳಿಯುತ್ತದೆ. ಯಾಂಗಾನ್ ಫೋಟೊ ಮಗುಚಿದರೆ ಎಡಬದಿಯ ಓಡಾಟ, ಎಡಗಡೆ ಸ್ಟೀರಿಂಗ್ ಆಗುತ್ತದೆ. ಭಾರತ ಎಂದು ಯಾರಾದರೂ ಹೇಳಿದರೆ ಚಾಲಕರನ್ನು ತೋರಿಸಿ ಸುಳ್ಳು ಎನ್ನಬಹುದು. ನಿಜವಾಗಿ ಹಾಗಿರುವ ಜಾಗಗಳು ಬೆರಳೆಣಿಕೆಯಷ್ಟು. ಅಮೆರಿಕದ ವರ್ಜಿನ್ ದ್ವೀಪಗಳು ಹಾಗಿವೆ. ಬಹಾಮಾಸ್‌ನಲ್ಲೂ ಅಮೆರಿಕದಿಂದ ತಂದ ಅಂಥ ಕಾರುಗಳು ಬಹಳ.

ಈ ಸುಳಿವು ಒಂದು ಜಾಗ ಅಲ್ಲ ಎಂದು ಹೇಳುವಷ್ಟು ಗಟ್ಟಿಯಾಗಿ, ಹೌದು ಎಂದು ಹೇಳಲಾರದು. ಬಲಬದಿಯ ಓಡಾಟ ಕಂಡು, ಫೋಟೊ ಮಗುಚಿಲ್ಲ ಎಂದು ಖಚಿತವಾದರೆ ಚೀನಾ, ಮ್ಯಾನ್ಮಾರ್, ಅಫ್ಘಾನಿಸ್ತಾನದಿಂದ ಬಂದ ಫೋಟೊಗಳು ನಮ್ಮವಲ್ಲ ಎಂದು ಹೇಳಿಬಿಡಬಹುದು. ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ ಎಲ್ಲವೂ ನಮ್ಮಂತೆಯೇ ಎಡಬದಿ, ಬಲ ಸ್ಟೀರಿಂಗ್. ಢಾಕಾದ ನೆರೆ ನೀರನ್ನು ಬೆಂಗಳೂರಿನದೆಂದು ಹಂಚಿದರೆ ವಾಹನಗಳ ಬದಿ ಏನೂ ಹೇಳದು. ಅಲ್ಲಿ ಆಟೊ ನೋಡಬೇಕು. ಢಾಕಾದ ಆಟೊ ಪೂರ್ತಿ ಹಸಿರು, ಪಕ್ಕದಲ್ಲಿ ಕಬ್ಬಿಣದ ಜಾಲರಿಯ ಬಾಗಿಲು. ಬೆಂಗಳೂರಿನ ಹಸಿರು ಆಟೊಗೆ ಹಳದಿ ಟಾಪು, ಪಕ್ಕದಲ್ಲಿ ಜಾಲರಿ ಇಲ್ಲ.